ಹಸಿ ಅನಾನಸ್ ಮತ್ತು ಗಟ್ಟಿಯಾಗದ ಪುಡ್ಡಿಂಗ್

ಜೆಲಟಿನ್ ಹಾಕಿ ಮಾಡಿದ ಅನಾನಸ್ ಪುಡ್ಡಿಂಗ್ ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದರೂ ಬೆಳಿಗ್ಗೆ ನೀರಾಗಿಯೇ ಉಳಿದಿದ್ದರೆ, ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಹಾಕಿದ ಹಣ್ಣು ಹಸಿಯದೋ, ಡಬ್ಬದ್ದೋ? ಹಸಿಯದಾದರೆ ಜೆಲಟಿನ್ ಹಳೆಯದಾಗಿತ್ತೇ, ಅಳತೆ ತಪ್ಪಿತೇ, ಫ್ರಿಜ್ಜು ಸರಿಯಾಗಿ ತಂಪಾಗಲಿಲ್ಲವೇ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಅದನ್ನು ಇನ್ನೂ ಎರಡು ದಿನ ಫ್ರಿಜ್ಜಿನಲ್ಲಿಟ್ಟರೂ ಗಟ್ಟಿಯಾಗುವುದಿಲ್ಲ. ಯಾಕೆಂದರೆ ಆ ಪಾತ್ರೆಯಲ್ಲಿ ಗಟ್ಟಿಯಾಗುವ ವಸ್ತು ಈಗ ಉಳಿದೇ ಇಲ್ಲ. ಅನಾನಸ್ ಅದನ್ನು ಜೀರ್ಣ ಮಾಡಿಬಿಟ್ಟಿದೆ.

ಜೀರ್ಣ ಎಂಬ ಮಾತನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ. ಮಾಂಸವನ್ನೋ ಬೇಳೆಯನ್ನೋ ತಿಂದಾಗ ನಮ್ಮ ಹೊಟ್ಟೆ ಅದರ ಪ್ರೋಟೀನನ್ನು ಏನು ಮಾಡುತ್ತದೋ, ಅನಾನಸ್ಸಿನ ರಸ ಜೆಲಟಿನ್ನಿಗೆ ಅದನ್ನೇ ಮಾಡುತ್ತದೆ. ಇದು ಅರ್ಥವಾಗಬೇಕಾದರೆ ಜೆಲಟಿನ್ ಎಂದರೇನು ಎಂದು ಸ್ವಲ್ಪ ನೋಡಬೇಕು.

ದನ ಮತ್ತು ಹಂದಿಯ ಚರ್ಮ, ಮೂಳೆಗಳಲ್ಲಿ ಕೊಲ್ಲಾಜೆನ್ ಎಂಬ ಪ್ರೋಟೀನ್ ಇರುತ್ತದೆ. ಮೂರು ಉದ್ದನೆಯ ಎಳೆಗಳು ಒಂದರ ಸುತ್ತ ಒಂದು ಹೊಸೆದುಕೊಂಡು ಆದದ್ದು ಅದು. ಚರ್ಮ, ಮೂಳೆಗಳನ್ನು ಆಮ್ಲದಲ್ಲೋ ಸುಣ್ಣದಲ್ಲೋ ನೆನೆಸಿ, ಆಮೇಲೆ ಬಿಸಿನೀರಿನಲ್ಲಿಟ್ಟಾಗ ಆ ಹೊಸೆತ ಬಿಚ್ಚಿ ಎಳೆಗಳು ಬೇರೆಬೇರೆಯಾಗಿ ನೀರಿಗೆ ಬರುತ್ತವೆ. ಒಣಗಿಸಿ ಪುಡಿ ಮಾಡಿದರೆ ಅದೇ ಜೆಲಟಿನ್. ನಾವು ಅದನ್ನು ಬಿಸಿ ಹಾಲಿನಲ್ಲೋ ರಸದಲ್ಲೋ ಕರಗಿಸಿ ತಂಪಿಗಿಟ್ಟಾಗ ಎಳೆಗಳಿಗೆ ತಮ್ಮ ಹಳೆಯ ರೂಪದತ್ತ ಮರಳುವ ಪ್ರವೃತ್ತಿ. ಆದರೆ ಪೂರ್ತಿ ಮರಳಲಾಗುವುದಿಲ್ಲ. ಅಲ್ಲಲ್ಲಿ ಮಾತ್ರ ಒಂದಕ್ಕೊಂದು ಹೊಸೆದುಕೊಂಡು, ನಡುವೆ ಸಡಿಲವಾಗಿಯೇ ಉಳಿದು, ಪಾತ್ರೆಯ ತುಂಬ ಒಂದು ಬಲೆಯಾಗುತ್ತವೆ. ಆ ಬಲೆಯೊಳಗೆ ನೀರು ಸಿಕ್ಕಿಕೊಳ್ಳುತ್ತದೆ. ನೂರು ಭಾಗ ನೀರಿಗೆ ಎರಡು ಭಾಗ ಜೆಲಟಿನ್ ಸಾಕು, ಪುಡ್ಡಿಂಗ್ ತಟ್ಟೆಯ ಮೇಲೆ ನಿಲ್ಲುತ್ತದೆ.

ಬಲೆ ಕಟ್ಟಿಕೊಳ್ಳುವುದು ಎಳೆಗಳು ಉದ್ದವಾಗಿರುವುದರಿಂದ. ಉದ್ದವಿದ್ದರೆ ತಾನೇ ಒಂದು ತುದಿ ಇಲ್ಲೊಂದು ಎಳೆಗೆ, ಇನ್ನೊಂದು ತುದಿ ಅಲ್ಲೊಂದು ಎಳೆಗೆ ಸೇರುವುದು? ನೂಲಿನ ಲಡಿಯನ್ನು ಕತ್ತರಿಯಲ್ಲಿ ಅರ್ಧ ಬೆರಳಿನಷ್ಟು ಚೂರುಚೂರಾಗಿ ಕತ್ತರಿಸಿದ ಮೇಲೆ ಅದರಿಂದ ಬಲೆ ಹೆಣೆಯಲು ಹೇಗೆ ಆಗುವುದಿಲ್ಲವೋ, ಜೆಲಟಿನ್ನಿನ ಎಳೆಗಳು ತುಂಡಾದ ಮೇಲೂ ಹಾಗೆಯೇ. ಹಸಿ ಅನಾನಸ್ಸಿನಲ್ಲಿ ಈ ಕತ್ತರಿಸುವ ಕೆಲಸ ಮಾಡುವುದು ಬ್ರೊಮೆಲೈನ್. ಇದು ಪ್ರೋಟೀನನ್ನು ತುಂಡರಿಸುವ ಕಿಣ್ವಗಳ ಒಂದು ಗುಂಪು. 1891ರಲ್ಲಿ ವೆನೆಜುವೆಲಾದ ರಸಾಯನಶಾಸ್ತ್ರಜ್ಞ ವಿಸೆಂತೆ ಮಾರ್ಕಾನೊ ಇದನ್ನು ಅನಾನಸ್ ಹಣ್ಣಿನಿಂದ ಬೇರ್ಪಡಿಸಿ ತೋರಿಸಿದರು. ಹಣ್ಣಿಗಿಂತ ಗಿಡದ ಕಾಂಡದಲ್ಲಿ ಇದು ಹೆಚ್ಚು. ಕೈಗಾರಿಕೆಗೆ ಬೇಕಾದದ್ದನ್ನು ಹೆಚ್ಚಾಗಿ ಕಾಂಡದಿಂದಲೇ ತೆಗೆಯುತ್ತಾರೆ. ಆದರೆ ಒಂದು ಬಟ್ಟಲು ಪುಡ್ಡಿಂಗ್ ಕೆಡಿಸಲು ಹಣ್ಣಿನಲ್ಲಿರುವುದೇ ಧಾರಾಳ.

ಕಿಣ್ವದ ವಿಶೇಷವೆಂದರೆ ಕೆಲಸ ಮಾಡಿ ಅದು ಖರ್ಚಾಗುವುದಿಲ್ಲ. ಒಂದು ಎಳೆಯನ್ನು ಕಡಿದು ಮುಂದಿನದಕ್ಕೆ ಹೋಗುತ್ತದೆ, ಅಲ್ಲಿಂದ ಅದರಾಚೆಯದಕ್ಕೆ. ಹಾಗಾಗಿ ನಾಲ್ಕೇ ತುಂಡು ಹಣ್ಣು ಹಾಕಿದ್ದೆ ಎನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಇನ್ನಷ್ಟು ಜೆಲಟಿನ್ ಹಾಕುತ್ತೇನೆ ಎನ್ನುವ ಉಪಾಯವೂ ನಡೆಯುವುದಿಲ್ಲ, ಕಡಿಯಲು ಇನ್ನಷ್ಟು ಒದಗಿಸಿದಂತಾಗುತ್ತದೆ ಅಷ್ಟೆ. ಫ್ರಿಜ್ಜಿನ ತಂಪಿನಲ್ಲಿ ಕಿಣ್ವದ ವೇಗ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಫ್ರೀಜರ್‌ನಲ್ಲಿಟ್ಟ ಅನಾನಸ್ಸೂ ಕರಗಿದ ಕೂಡಲೇ ತನ್ನ ಕೆಲಸಕ್ಕೆ ತೊಡಗುತ್ತದೆ. ಚಳಿಗೆ ಬ್ರೊಮೆಲೈನ್ ಸಾಯುವುದಿಲ್ಲ. ಅದು ಸೋಲುವುದು ಬಿಸಿಗೆ. ಕಿಣ್ವವೂ ಒಂದು ಪ್ರೋಟೀನೇ ಆದ್ದರಿಂದ, ಮೊಟ್ಟೆಯ ಬಿಳಿ ಬೇಯುವಂತೆ ಅದೂ ಕುದಿಯಲ್ಲಿ ಆಕಾರ ಕಳೆದುಕೊಂಡು ನಿಷ್ಕ್ರಿಯವಾಗುತ್ತದೆ. ಡಬ್ಬದ ಅನಾನಸ್ ಯಾವ ತೊಂದರೆಯನ್ನೂ ಕೊಡದಿರುವುದು ಇದಕ್ಕೇ. ಡಬ್ಬ ಮುಚ್ಚಿದ ಮೇಲೆ ಕೆಡದಂತೆ ಅದನ್ನು ಬಿಸಿ ಮಾಡಿರುತ್ತಾರೆ, ಆ ಬಿಸಿಗೆ ಕಿಣ್ವವೂ ಹೋಗಿರುತ್ತದೆ.

ಇದನ್ನು ಕಣ್ಣಾರೆ ನೋಡುವುದು ಸುಲಭ. 5 ಗ್ರಾಂ ಜೆಲಟಿನ್ ಪುಡಿಯನ್ನು ಮೂರು ಚಮಚ ತಣ್ಣೀರಿನ ಮೇಲೆ ಉದುರಿಸಿ ಐದು ನಿಮಿಷ ಬಿಡಿ. ಅದು ಉಬ್ಬಿ ಸ್ಪಂಜಿನಂತಾದ ಮೇಲೆ 200 ಮಿಲಿ ಬಿಸಿನೀರು ಹಾಕಿ ಕರಗಿಸಿ, ಕೈಗೆ ಬೆಚ್ಚಗೆನಿಸುವಷ್ಟು ಆರಲಿ. ಮೂರು ಗಾಜಿನ ಲೋಟಗಳಿಗೆ ಸಮನಾಗಿ ಹಂಚಿ. ಮೊದಲನೆಯದರಲ್ಲಿ ಹಸಿ ಅನಾನಸ್ಸಿನ ಎರಡು ತುಂಡು, ಎರಡನೆಯದರಲ್ಲಿ ಐದು ನಿಮಿಷ ಕುದಿಸಿ ಆರಿಸಿದ ಎರಡು ತುಂಡು. ಮೂರನೆಯದು ಖಾಲಿ ಇರಲಿ. ಐದಾರು ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದರೆ ಎರಡನೆಯದು, ಮೂರನೆಯದು ಓರೆ ಮಾಡಿದರೂ ಕದಲುವುದಿಲ್ಲ. ಮೊದಲನೆಯದು ನೀರು. ಈಗ ಗಟ್ಟಿಯಾದ ಮೂರನೆಯ ಲೋಟದ ಮೇಲೆ ಹಸಿ ಅನಾನಸ್ಸಿನ ಒಂದು ತುಂಡಿಟ್ಟು ಹೊರಗೆ ಬಿಡಿ. ಸ್ವಲ್ಪ ಹೊತ್ತಿಗೆ ತುಂಡಿನ ಅಂಚಿನ ಸುತ್ತ ತೇವ ಕಾಣಿಸುತ್ತದೆ. ಆಮೇಲೆ ಅದರ ಅಡಿಯಲ್ಲಿ ಒಂದು ಕುಳಿ ಬಿದ್ದು ತುಂಡು ಮೆಲ್ಲಗೆ ಒಳಗಿಳಿಯುತ್ತದೆ. ಕಿಣ್ವ ಗಟ್ಟಿಯಾಗುವುದನ್ನು ತಡೆಯುವುದಷ್ಟೇ ಅಲ್ಲ, ಗಟ್ಟಿಯಾಗಿ ನಿಂತದ್ದನ್ನೂ ಕರಗಿಸುತ್ತದೆ. ಪೂರ್ತಿ ಗಟ್ಟಿಯಾದ ಪುಡ್ಡಿಂಗ್ ಮೇಲೆ ಅಲಂಕಾರಕ್ಕೆಂದು ಹಸಿ ತುಂಡು ಜೋಡಿಸಿ, ನೆಂಟರು ಬರುವ ಹೊತ್ತಿಗೆ ಅದು ಹೊಂಡ ಬಿದ್ದಿರುವುದಕ್ಕೆ ಇದೇ ಕಾರಣ.

ಸೋತ ಪುಡ್ಡಿಂಗ್ ನೋಡಿ ಕಾರಣವನ್ನು ಗುರುತಿಸಬಹುದು. ಜೆಲಟಿನ್ ಬರೀ ಕಡಿಮೆಯಾಗಿದ್ದರೆ ಮಿಶ್ರಣ ಫ್ರಿಜ್ಜಿನಲ್ಲಿ ತೆಳು ಪಾಕದಂತೆ ಮಂದವಾಗಿರುತ್ತದೆ, ಚಮಚದಿಂದ ನಿಧಾನವಾಗಿ ಇಳಿಯುತ್ತದೆ. ಬೆಚ್ಚಗೆ ಮಾಡಿ ಇನ್ನಷ್ಟು ಜೆಲಟಿನ್ ಸೇರಿಸಿದರೆ ಸರಿಹೋಗುತ್ತದೆ. ಕಿಣ್ವದಿಂದ ಕೆಟ್ಟದ್ದಾದರೆ ಆ ಮಂದತನವೂ ಇರುವುದಿಲ್ಲ, ಎಷ್ಟು ತಣ್ಣಗಿದ್ದರೂ ಹಣ್ಣಿನ ರಸದ ಹಾಗೆ ಸಲೀಸಾಗಿ ಸುರಿಯುತ್ತದೆ. ಅದನ್ನು ಉಳಿಸಿಕೊಳ್ಳಲೇಬೇಕೆಂದರೆ ಹಣ್ಣಿನ ಸಮೇತ ಚೆನ್ನಾಗಿ ಕುದಿಸಿ, ಆರಿಸಿ, ಹೊಸ ಜೆಲಟಿನ್ನನ್ನು ಪೂರ್ತಿ ಅಳತೆಯಲ್ಲಿ ಹಾಕಬೇಕು. ಮೊದಲು ಹಾಕಿದ್ದು ತುಂಡಾಗಿ ಹೋಗಿದೆ, ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಈ ಗುಣ ಅನಾನಸ್ಸಿಗೆ ಮಾತ್ರ ಇಲ್ಲ. ಪಪ್ಪಾಯಿ, ಕಿವಿ, ಅಂಜೂರ, ಹಸಿ ಶುಂಠಿ ಎಲ್ಲದರಲ್ಲೂ ಇಂಥದೇ ಕಿಣ್ವಗಳಿವೆ. ಕಬಾಬಿಗೆ ಮಾಂಸ ಮೆತ್ತಗಾಗಲೆಂದು ಪಪ್ಪಾಯಿ ಕಾಯಿ ಅರೆದು ಹಚ್ಚುವವರು ಈ ಶಕ್ತಿಯನ್ನು ಬೇಕೆಂದೇ ಬಳಸಿಕೊಳ್ಳುತ್ತಾರೆ. ಹಸಿ ಅನಾನಸ್ ಹೆಚ್ಚು ತಿಂದಾಗ ನಾಲಿಗೆ ಚುರುಗುಟ್ಟುವುದರಲ್ಲೂ, ಹಣ್ಣಿನ ಹುಳಿ ಮತ್ತು ಅದರಲ್ಲಿರುವ ಸೂಜಿಯಂಥ ಸಣ್ಣ ಹರಳುಗಳ ಜೊತೆಗೆ, ಬ್ರೊಮೆಲೈನಿನ ಪಾಲಿದೆ. ಅದೇ ಹಣ್ಣು ಗೊಜ್ಜಿನಲ್ಲೋ ಮೆಣಸ್ಕಾಯಿಯಲ್ಲೋ ಬೆಂದಾಗ ಎಷ್ಟು ತಿಂದರೂ ನಾಲಿಗೆಗೆ ಹಾಗಾಗುವುದಿಲ್ಲ.

ಈಗ ಅಗರ್ ಅಗರ್‌ಗೆ ಬರೋಣ. ಕಿರಾಣಿ ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಕೇಳಿದರೆ ಬಿಳಿಯ ಒಣ ಎಳೆಗಳ ಪೊಟ್ಟಣ ಕೊಡುತ್ತಾರಲ್ಲ, ಅದು. ಹುಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಕೆಂಪು ಜಾತಿಯ ಕಡಲಪಾಚಿಯನ್ನು ಕುದಿಸಿ, ಸೋಸಿ, ಗಟ್ಟಿಯಾದದ್ದನ್ನು ಒಣಗಿಸಿ ಮಾಡಿದ್ದು. ನಮ್ಮ ದೇಶದಲ್ಲಿ ಇದಕ್ಕೆ ಬೇಕಾದ ಪಾಚಿ ಬರುವುದು ಮುಖ್ಯವಾಗಿ ತಮಿಳುನಾಡಿನ ರಾಮನಾಥಪುರದ ಕಡಲಿನಿಂದ. ಮನ್ನಾರ್ ಕೊಲ್ಲಿಯ ದ್ವೀಪಗಳ ಸುತ್ತ ಮೀನುಗಾರ ಹೆಂಗಸರು ಉಸಿರು ಕಟ್ಟಿ ಮುಳುಗಿ, ಬಂಡೆಗಳಿಂದ ಅದನ್ನು ಕೈಯಿಂದಲೇ ಕಿತ್ತು ತರುತ್ತಾರೆ. ಚೈನಾ ಗ್ರಾಸ್ ಕೊಳ್ಳುವ ನಮ್ಮಲ್ಲಿ ಅವರ ಶ್ರಮ ತಿಳಿದವರು ಕಡಿಮೆ.

ಅಗರ್ ಪ್ರೋಟೀನ್ ಅಲ್ಲ. ಸಕ್ಕರೆಯ ಅಣುಗಳು ಒಂದರ ಹಿಂದೊಂದು ಪೋಣಿಸಿಕೊಂಡು ಆದ ಉದ್ದನೆಯ ಸರಪಳಿ. ಅದೂ ತಂಪಿಗೆ ಬಲೆ ಕಟ್ಟಿ ನೀರು ಹಿಡಿಯುತ್ತದೆ, ಆದರೆ ಅದರ ಕೊಂಡಿಗಳೇ ಬೇರೆ ಜಾತಿಯವು. ಬ್ರೊಮೆಲೈನ್ ಕಡಿಯಬಲ್ಲದ್ದು ಪ್ರೋಟೀನಿನ ಕೊಂಡಿಗಳನ್ನು ಮಾತ್ರ. ಅಗರ್ ಅದರ ಕೈಗೆ ಸಿಗುವುದೇ ಇಲ್ಲ. ಹಾಗಾಗಿ ಹಸಿ ಅನಾನಸ್ ರಸದಲ್ಲೂ ಅಗರ್ ನಿರಾತಂಕವಾಗಿ ಗಟ್ಟಿಯಾಗುತ್ತದೆ.

ಬಿಸಿಯ ವಿಷಯದಲ್ಲೂ ಎರಡರ ಸ್ವಭಾವ ತದ್ವಿರುದ್ಧ. ಜೆಲಟಿನ್ ಬೆಚ್ಚನೆಯ ನೀರಿನಲ್ಲೇ ಕರಗುತ್ತದೆ, ಗಟ್ಟಿಯಾಗಲು ಫ್ರಿಜ್ಜು ಬೇಕು, ಸುಮಾರು 35 ಡಿಗ್ರಿಗೆ ಮತ್ತೆ ಕರಗುತ್ತದೆ. ನಮ್ಮ ಬಾಯಿಯ ಬಿಸಿ ಅದಕ್ಕಿಂತ ಸ್ವಲ್ಪವೇ ಹೆಚ್ಚು. ಜೆಲಟಿನ್ ಪುಡ್ಡಿಂಗ್ ನಾಲಿಗೆಯ ಮೇಲೆ ತಾನಾಗಿ ಕರಗಿ ರುಚಿಯನ್ನೆಲ್ಲ ಒಟ್ಟಿಗೆ ಬಿಡುವ ಸುಖ ಬರುವುದು ಈ ಹೊಂದಾಣಿಕೆಯಿಂದ. ಅಗರ್ ಕರಗಬೇಕಾದರೆ ಕುದಿಯಲೇಬೇಕು. ಆದರೆ ಆರುತ್ತ ಬಂದಾಗ 35ರಿಂದ 40 ಡಿಗ್ರಿಯ ಹೊತ್ತಿಗೆ, ಅಡುಗೆಕಟ್ಟೆಯ ಮೇಲೆಯೇ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದ ಮೇಲೆ 85 ಡಿಗ್ರಿಯಷ್ಟು ಕಾಯಿಸುವವರೆಗೂ ಕರಗುವುದಿಲ್ಲ. ಕಲಬುರಗಿಯ ಮೇ ತಿಂಗಳಲ್ಲಿ ಮದುವೆ ಊಟಕ್ಕೆ ಪುಡ್ಡಿಂಗ್ ಬಡಿಸಬೇಕೆಂದರೆ ಜೆಲಟಿನ್ ನಂಬಲಾಗದು, ಎಲೆಯ ಮೇಲೆ ಬೀಳುವ ಮೊದಲೇ ಕುಸಿಯುತ್ತದೆ. ಅಗರ್ ನಿಲ್ಲುತ್ತದೆ. ಅದಕ್ಕೆ ತಕ್ಕ ಬೆಲೆಯೂ ಇದೆ: ಅಗರ್ ಬಾಯಲ್ಲಿ ಕರಗುವುದಿಲ್ಲ, ಹಲ್ಲಿನಿಂದ ಮುರಿಯಬೇಕು. ಜೆಲಟಿನ್ನಿನ ತೊನೆದಾಟ ಅದಕ್ಕಿಲ್ಲ, ಚಾಕುವಿನಲ್ಲಿ ಚೊಕ್ಕವಾಗಿ ತುಂಡಾಗುತ್ತದೆ. ಹಾಲಿನ ಪುಡ್ಡಿಂಗಿಗೆ ಅಗರ್ ಹಾಕಿ ಜೆಲಟಿನ್ನಿನ ನಯವನ್ನು ನಿರೀಕ್ಷಿಸುವುದು ಸರಿಯಲ್ಲ. ಅಳತೆ ಹೆಚ್ಚಾದರಂತೂ ರಬ್ಬರಿನ ಹಾಗಾಗುತ್ತದೆ.

ಈ ಎರಡು ವ್ಯತ್ಯಾಸಗಳು, ಅಂದರೆ ಕಿಣ್ವಕ್ಕೆ ಸಿಗುವುದು ಮತ್ತು ಬೆಚ್ಚನೆಯಲ್ಲಿ ಕರಗುವುದು, ಅಡುಗೆಮನೆಯ ಆಚೆಗೂ ಒಂದು ದೊಡ್ಡ ಕೆಲಸ ಮಾಡಿವೆ. ಬ್ಯಾಕ್ಟೀರಿಯಾಗಳನ್ನು ಬೇರೆಬೇರೆಯಾಗಿ ಬೆಳೆಸಿ ನೋಡಲು ರಾಬರ್ಟ್ ಕಾಖ್ ಬರ್ಲಿನ್ನಿನ ತಮ್ಮ ಪ್ರಯೋಗಾಲಯದಲ್ಲಿ ಬಳಸುತ್ತಿದ್ದದ್ದು ಜೆಲಟಿನ್ನಿನ ಹಾಸು. 1881ರ ಹೊತ್ತಿಗೆ ಅಲ್ಲಿಗೆ ಬಂದು ಸೇರಿದ ವಾಲ್ಟರ್ ಹೆಸ್ಸೆ ಎಂಬ ವೈದ್ಯರು ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳನ್ನು ಅಭ್ಯಾಸ ಮಾಡುತ್ತಿದ್ದರು. ಸೆಕೆಗೆ ಅವರ ಜೆಲಟಿನ್ ಕರಗುತ್ತಿತ್ತು. ಕರಗದೆ ಉಳಿದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಪ್ರೋಟೀನ್ ಕಡಿಯುವ ಕಿಣ್ವ ಬಿಟ್ಟು ಅದನ್ನು ನೀರು ಮಾಡುತ್ತಿದ್ದವು. ಅನಾನಸ್ ಪುಡ್ಡಿಂಗಿನಲ್ಲಿ ಆಗುವುದೂ ಇದೇ ತಾನೇ?

ಹೆಸ್ಸೆಯವರ ಹೆಂಡತಿ ಫ್ಯಾನಿ ಪ್ರಯೋಗಾಲಯದ ಕೆಲಸದಲ್ಲಿ ನೆರವಾಗುತ್ತಿದ್ದರು, ಗಂಡನ ಲೇಖನಗಳಿಗೆ ಚಿತ್ರ ಬರೆದುಕೊಡುತ್ತಿದ್ದರು. ನೀನು ಮಾಡುವ ಜೆಲ್ಲಿ, ಪುಡ್ಡಿಂಗುಗಳು ಬೇಸಿಗೆಯಲ್ಲೂ ಹೇಗೆ ಕರಗದೆ ನಿಲ್ಲುತ್ತವೆ ಎಂದು ಗಂಡ ಕೇಳಿದಾಗ ಅವರು ಹೇಳಿದ್ದು ಅಗರ್ ಅಗರ್ ವಿಷಯ. ಫ್ಯಾನಿ ಹುಟ್ಟಿ ಬೆಳೆದದ್ದು ಅಮೆರಿಕದ ನ್ಯೂಯಾರ್ಕಿನ ಕಡೆ. ಜಾವಾ ದ್ವೀಪದಲ್ಲಿ ಇದ್ದು ಬಂದಿದ್ದ ಡಚ್ ನೆರೆಯವರಿಂದ ಅವರು ಅದನ್ನು ಕಲಿತಿದ್ದರು. ಹೆಸ್ಸೆ ಪ್ರಯೋಗ ಮಾಡಿ ನೋಡಿದರು. ನಮ್ಮ ದೇಹದ ಬಿಸಿಯಾದ 37 ಡಿಗ್ರಿಯಲ್ಲಿಟ್ಟರೂ ಅಗರ್ ಗಟ್ಟಿಯಾಗಿಯೇ ಇತ್ತು, ಬ್ಯಾಕ್ಟೀರಿಯಾದ ಆ ಕಿಣ್ವಗಳಿಗೂ ಬಗ್ಗಲಿಲ್ಲ. 1882ರಲ್ಲಿ ಕ್ಷಯದ ಬ್ಯಾಕ್ಟೀರಿಯಾ ಕುರಿತು ಕಾಖ್ ಪ್ರಕಟಿಸಿದ ಲೇಖನದಲ್ಲಿ ಅಗರ್ ಹೆಸರು ಬಂತು, ಹೆಸ್ಸೆ ದಂಪತಿಯ ಹೆಸರು ಬರಲಿಲ್ಲ. ಇಂದಿಗೂ ರಕ್ತ, ಮೂತ್ರ, ಕಫದ ಕಲ್ಚರ್ ಪರೀಕ್ಷೆಗೆ ಕೊಟ್ಟಾಗ ಲ್ಯಾಬಿನ ತಟ್ಟೆಗಳಲ್ಲಿ ಇರುವುದು ಅಗರ್. ಒಬ್ಬ ಗೃಹಿಣಿಯ ಅಡುಗೆಯ ತಿಳಿವಳಿಕೆಯಿಂದ ವೈದ್ಯಲೋಕಕ್ಕೆ ಇಷ್ಟು ದೊಡ್ಡ ಉಪಕಾರವಾದರೂ ಆಕೆಯ ಹೆಸರು ಬಹುಕಾಲ ಮರೆಯಲ್ಲೇ ಉಳಿದದ್ದು ನನಗೆ ಅನ್ಯಾಯವೆಂದೇ ಅನಿಸುತ್ತದೆ.

ಮತ್ತೆ ನಮ್ಮ ಪುಡ್ಡಿಂಗಿಗೆ. ಬನವಾಸಿ, ಸಾಗರದ ಕಡೆಯ ಒಳ್ಳೆಯ ಹಣ್ಣು ಕೈಗೆ ಬಂದಾಗ ಅದನ್ನು ಬೇಯಿಸಿ ಪರಿಮಳ ಕಳೆಯಲು ಮನಸ್ಸಾಗುವುದಿಲ್ಲ. ಹಸಿ ಹಣ್ಣಿನ ಆ ಪರಿಮಳವನ್ನು ಹಾಗೆಯೇ ಹಿಡಿದಿಡಲು ಅಗರ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಚೈನಾ ಗ್ರಾಸ್ ಹಾಕಿದ ಮೇಲೆ ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂದುಕೊಂಡವರು ಎಡವುವ ಜಾಗಗಳೂ ಇವೆ.

ಅರ್ಧ ಲೀಟರಿನ ಲೆಕ್ಕ ನೋಡೋಣ. 250 ಮಿಲಿ ನೀರಿಗೆ 5 ಗ್ರಾಂ ಚೈನಾ ಗ್ರಾಸ್ ಎಳೆಗಳನ್ನು ಕತ್ತರಿಸಿ ಹಾಕಿ ಅರ್ಧ ಗಂಟೆ ನೆನೆಸಿ. ಪುಡಿಯಾದರೆ 4 ಗ್ರಾಂ ಸಾಕು, ನೆನೆಸುವ ಕಾಯುವಿಕೆಯೂ ಬೇಡ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕುದಿಸಿ. ಚಮಚದಲ್ಲಿ ಎತ್ತಿ ಬೆಳಕಿಗೆ ಹಿಡಿದಾಗ ಒಂದೂ ಎಳೆಯ ತುಣುಕು, ಒಂದೂ ಪಾರದರ್ಶಕ ಕಾಳು ಕಾಣಬಾರದು. ಬಿಸಿಯಾಗಿ ಕಂಡ ಮಾತ್ರಕ್ಕೆ ಇಳಿಸಿದರೆ ಅರ್ಧ ಕರಗದೆ ಉಳಿದು, ಪುಡ್ಡಿಂಗ್ ಮೆದುವಾಗಿ, ನಡುನಡುವೆ ಮರಳು ಸಿಕ್ಕಿದಂತಾಗುತ್ತದೆ. ಪೂರ್ತಿ ಕರಗಿದ ಮೇಲೆ 70 ಗ್ರಾಂನಷ್ಟು ಸಕ್ಕರೆ ಹಾಕಿ ಕರಗಿಸಿ ಇಳಿಸಿ. ಅನಾನಸ್ ರಸವನ್ನು ಇದರ ಜೊತೆ ಕುದಿಸಬಾರದು. ಹುಳಿ ಮತ್ತು ಕುದಿ ಎರಡೂ ಸೇರಿದರೆ ಅಗರ್‌ನ ಸರಪಳಿಗಳೂ ಮುರಿಯತೊಡಗಿ ಹಿಡಿತ ಸಡಿಲವಾಗುತ್ತದೆ. ಕಿಣ್ವಕ್ಕೆ ಬಗ್ಗದ ಅಗರ್ ಬಿಸಿಯಾದ ಹುಳಿಗೆ ಬಗ್ಗುತ್ತದೆ.

ರಸ ಸೇರಿಸುವಾಗ ಅದರ ತಂಪನ್ನು ಗಮನಿಸಬೇಕು. ಒಲೆಯಿಂದ ಇಳಿಸಿದ 95 ಡಿಗ್ರಿಯ ಅಗರ್ ನೀರು 250 ಮಿಲಿ, ಮನೆಯ ಬಿಸಿಯಲ್ಲೇ ಇರುವ 30 ಡಿಗ್ರಿಯ ಸೋಸಿದ ರಸ 250 ಮಿಲಿ ಸೇರಿದರೆ ಮಿಶ್ರಣ ಹತ್ತಿರಹತ್ತಿರ 62 ಡಿಗ್ರಿಗೆ ನಿಲ್ಲುತ್ತದೆ. ಅಗರ್ ಗಟ್ಟಿಯಾಗುವ ಹಂತಕ್ಕೆ ಇನ್ನೂ ಬಹಳ ಅಂತರವಿದೆ, ನಿಧಾನವಾಗಿ ಕಲಸಿ ಅಚ್ಚಿಗೆ ಹೊಯ್ಯಬಹುದು. ಅದೇ 150 ಮಿಲಿ ನೀರಿನಲ್ಲಿ ಅಗರ್ ಕುದಿಸಿ, ಫ್ರಿಜ್ಜಿನಿಂದ ಆಗ ತಾನೇ ತೆಗೆದ 5 ಡಿಗ್ರಿಯ 350 ಮಿಲಿ ರಸ ಸುರಿದರೆ ಮಿಶ್ರಣ 32 ಡಿಗ್ರಿಗೆ ಇಳಿಯುತ್ತದೆ. ಕಲಸುತ್ತಿರುವಾಗಲೇ ಅಗರ್ ಗಂಟುಗಂಟಾಗಿ, ಒಡೆದ ಹಾಲಿನಂತೆ ಕಾಣುತ್ತದೆ. ಹಾಗಾದರೆ ಗಾಬರಿ ಬೇಡ. ಅರ್ಧ ಮಿಶ್ರಣವನ್ನು ತೆಗೆದು ಮೆಲ್ಲಗೆ ಕಾಯಿಸಿ ಗಂಟು ಕರಗಿಸಿ, ಉಳಿದದ್ದನ್ನೂ ಹಾಗೆಯೇ ಮಾಡಿ ಸೇರಿಸಬಹುದು. ಪರಿಮಳ ಸ್ವಲ್ಪ ಹೋಗುತ್ತದೆ ಅಷ್ಟೆ.

ಎರಡನೆಯ ಎಡವು ಹಾಲಿನದು, ಇದನ್ನು ಹೇಳುವವರು ಕಡಿಮೆ. ಬ್ರೊಮೆಲೈನ್ ಅಗರ್ ಮುಟ್ಟದಿದ್ದರೂ ಹಾಲಿನಲ್ಲಿರುವ ಪ್ರೋಟೀನನ್ನು ಬಿಡುವುದಿಲ್ಲ. ಹಸಿ ಅನಾನಸ್ ಹಾಕಿದ ಹಾಲಿನ ಪುಡ್ಡಿಂಗ್ ಚೆನ್ನಾಗಿಯೇ ಗಟ್ಟಿಯಾಗಿ, ನೋಡಲು ಯಾವ ದೋಷವೂ ಕಾಣದೆ, ಬಾಯಿಗಿಟ್ಟರೆ ಕಹಿಯಾಗಿರುತ್ತದೆ. ಹಾಲಿನ ಪ್ರೋಟೀನ್ ತುಂಡಾದಾಗ ಹುಟ್ಟುವ ಸಣ್ಣ ಚೂರುಗಳಲ್ಲಿ ಕೆಲವಕ್ಕೆ ಕಹಿ ರುಚಿ. ಹಸಿ ಹಣ್ಣು ಹಾಕಿದ ಅನಾನಸ್ ರಾಯತ ಇಟ್ಟಲ್ಲೇ ಕಹಿಯಾಗುವುದೂ, ಪಪ್ಪಾಯಿ ಮಿಲ್ಕ್‌ಶೇಕ್ ಮಾಡಿದ ಕೂಡಲೇ ಕುಡಿಯಬೇಕಾಗುವುದೂ ಇದರಿಂದಲೇ. ಹಾಗಾಗಿ ನನ್ನ ಸಲಹೆ ಹೀಗೆ: ಬರೀ ರಸದ ಪುಡ್ಡಿಂಗಾದರೆ ಅಗರ್ ಮತ್ತು ಹಸಿ ಹಣ್ಣು. ಹಾಲು, ಕೆನೆ, ಕಂಡೆನ್ಸ್‌ಡ್ ಮಿಲ್ಕ್ ಇದ್ದರೆ ಅಗರ್ ಇರಲಿ ಜೆಲಟಿನ್ ಇರಲಿ, ಅನಾನಸ್ಸನ್ನು ಸಣ್ಣಗೆ ಹೆಚ್ಚಿ ಸಕ್ಕರೆಯೊಂದಿಗೆ ಐದಾರು ನಿಮಿಷ ಕುದಿಸಿಯೇ ಹಾಕಬೇಕು. ದಪ್ಪ ಹೋಳುಗಳಾದರೆ ನಡುವಿನವರೆಗೂ ಬಿಸಿ ಮುಟ್ಟುವುದಿಲ್ಲ, ಅಲ್ಲಿ ಕಿಣ್ವ ಬದುಕಿ ಉಳಿಯುತ್ತದೆ. ಒಂದು ಹೋಳನ್ನು ಮುರಿದು ನೋಡಿ, ಒಳಗೂ ಹಬೆಯಾಡುತ್ತಿರಬೇಕು.

ಎರಡು ಬಣ್ಣದ ಪದರ ಬೇಕೆನ್ನುವವರು ಹಾಲಿನ ಪದರವನ್ನು ಬೇಯಿಸಿದ ಹಣ್ಣಿನ ಪದರದ ಪಕ್ಕದಲ್ಲೇ ಇಡಬೇಕು. ಹಸಿ ರಸದ ಪದರ ತಾಗಿದರೆ ತಾಗಿದ ಅಂಚಿನಿಂದ ಕಹಿ ಏರುತ್ತದೆ. ಅಗರ್‌ನಲ್ಲಿ ಪದರ ಕಟ್ಟುವಾಗ ಕೆಳಗಿನದು ಪೂರ್ತಿ ತಣ್ಣಗಾಗುವವರೆಗೆ ಕಾಯಬಾರದು. ಬೆರಳಿಟ್ಟರೆ ನಿಂತಿದೆ, ಆದರೆ ಇನ್ನೂ ತುಸು ಅಂಟುತ್ತಿದೆ ಎನ್ನುವಾಗ ಮೇಲಿನದನ್ನು ಬಿಸಿಯಾಗಿಯೇ ಹೊಯ್ಯಬೇಕು. ಕೆಳಗಿನದು ಕರಗೀತೆಂಬ ಭಯವಿಲ್ಲ, 85 ಡಿಗ್ರಿಯವರೆಗೆ ಅದಕ್ಕೆ ಏನೂ ಆಗುವುದಿಲ್ಲ. ತಡವಾದರೆ ಎರಡು ಪದರಗಳು ಒಂದಕ್ಕೊಂದು ಹಿಡಿದುಕೊಳ್ಳದೆ ಕತ್ತರಿಸುವಾಗ ಜಾರಿ ಬೇರೆಯಾಗುತ್ತವೆ. ಮಾಡಿದ ದಿನವೇ ತಿನ್ನುವುದು ಉತ್ತಮ. ಅಗರ್‌ನ ಬಲೆ ಇಟ್ಟಷ್ಟೂ ಬಿಗಿದುಕೊಳ್ಳುತ್ತ ನೀರನ್ನು ಹೊರಗೆ ಹಿಂಡುತ್ತದೆ, ಮರುದಿನಕ್ಕೆ ತಟ್ಟೆಯಲ್ಲಿ ಸ್ವಲ್ಪ ರಸ ನಿಂತಿರುತ್ತದೆ. ಅದು ಕೆಟ್ಟ ಲಕ್ಷಣವಲ್ಲ. ರಸವನ್ನು ಬಗ್ಗಿಸಿ ಬಡಿಸಬಹುದು.